ಅಂಕ ಹೋದದ್ದು ಎಲ್ಲಿ?

ಶಿರ್ವ, ಕಾಪು, ಕಾರ್ಕಳದ ಕಡೆಯಿಂದ ಮಣಿಪಾಲಕ್ಕೆ ಹೋಗಿ ಮಿದುಳಿನ ತಪಾಸಣೆ ಮಾಡಿಸಿಕೊಂಡು ಬಂದವರ ಫೈಲಿನಲ್ಲಿ ಸ್ಕ್ಯಾನ್ ಚಿತ್ರದ ಜೊತೆಗೆ ನಾಲ್ಕೈದು ಪುಟದ ಇನ್ನೊಂದು ವರದಿಯೂ ಇರುವುದುಂಟು. ಅದು ಮನಶ್ಶಾಸ್ತ್ರಜ್ಞರು ಕೂರಿಸಿಕೊಂಡು ಮಾಡಿದ ಪರೀಕ್ಷೆಗಳ ವರದಿ. ಪರೀಕ್ಷೆಯ ಹೆಸರು, ಸಿಕ್ಕಿದ ಅಂಕ, ಪರ್ಸೆಂಟೈಲ್, ಇಷ್ಟನ್ನು ಸಾಲಾಗಿ ಬರೆದು ಕೊನೆಗೆ ಒಂದು ತೀರ್ಮಾನ ಕೊಟ್ಟಿರುತ್ತಾರೆ. ಎಫ್‌ಟಿಡಿ, ಅಂದರೆ ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಇರಬಹುದೇ ಎಂಬ ಸಂಶಯ ಬಂದಾಗ ಈ ಅಂಕಗಳನ್ನು ಓದುವುದು ಬಹಳ ನಾಜೂಕಿನ ಕೆಲಸ. ಆ ಓದು ನೂರಮೂವತ್ತು ವರ್ಷಗಳಲ್ಲಿ ಹೇಗೆ ರೂಪುಗೊಂಡಿತು ಎಂಬುದನ್ನು ಇಂದು ಹೇಳುತ್ತೇನೆ.

ಈ ಕಾಯಿಲೆಯಲ್ಲಿ ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಮಿದುಳು ಸವೆಯುತ್ತದೆ. ಹಲವರಲ್ಲಿ ಇದು 65 ವರ್ಷಕ್ಕೆ ಮೊದಲೇ ಶುರುವಾಗುತ್ತದೆ. ಆರಂಭದಲ್ಲಿ ಎದ್ದು ಕಾಣುವುದು ಮರೆವಲ್ಲ. ಕೆಲವರಲ್ಲಿ ನಡತೆ ಬದಲಾಗುತ್ತದೆ, ಕೆಲವರಲ್ಲಿ ಮಾತು ಕುಸಿಯುತ್ತದೆ. ನಾನಿಂದು ಮಾತಾಡುವುದು ಮುಖ್ಯವಾಗಿ ನಡತೆ ಬದಲಾಗುವ ಬಗೆಯ ಕುರಿತು.

1892ರಲ್ಲಿ ಪ್ರಾಗ್ ನಗರದ ವೈದ್ಯ ಅರ್ನಾಲ್ಡ್ ಪಿಕ್, ಮಾತು ಕಳೆದುಕೊಳ್ಳುತ್ತ ಹೋದ 71 ವರ್ಷದ ಒಬ್ಬ ರೋಗಿಯ ಕುರಿತು ಬರೆದರು. ಅವರ ಬಳಿ ಅಂಕ ಕೊಡುವ ಪರೀಕ್ಷೆ ಯಾವುದೂ ಇರಲಿಲ್ಲ. ಹಾಸಿಗೆಯ ಪಕ್ಕ ಕೂತು ಮಾತಾಡಿಸಿ, ರೋಗಿ ಎಲ್ಲಿ ತಪ್ಪುತ್ತಾನೆ, ಹೇಗೆ ತಪ್ಪುತ್ತಾನೆ ಎಂದು ಬರೆದಿಟ್ಟುಕೊಂಡರು. ತೀರಿಕೊಂಡ ಮೇಲೆ ನೋಡಿದರೆ ಮಿದುಳು ಎಲ್ಲ ಕಡೆ ಸಮವಾಗಿ ಸೊರಗಿರಲಿಲ್ಲ, ಎಡಗಿವಿಯ ಪಕ್ಕದ ಭಾಗ ವಿಶೇಷವಾಗಿ ಕುಗ್ಗಿತ್ತು. ಮುಂದೆ ಈ ಕಾಯಿಲೆಗೆ ಪಿಕ್ ಅವರದೇ ಹೆಸರು ಬಂತು. ಆದರೆ ರೋಗಿ ಬದುಕಿರುವಾಗ ಇದನ್ನೂ ಆಲ್ಝೈಮರ್ ಕಾಯಿಲೆಯನ್ನೂ ಬೇರೆ ಮಾಡಿ ಹೇಳುವುದು ಆಗದ ಕೆಲಸ ಎಂದು ಬಹುಕಾಲ ಹೆಚ್ಚಿನ ವೈದ್ಯರು ಕೈಬಿಟ್ಟಿದ್ದರು.

ಅಂಕಗಳು ಬಂದದ್ದು ಬೇರೆ ದಾರಿಯಲ್ಲಿ. 1948ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇಸ್ಪೀಟೆಲೆಯಂಥ ಕಾರ್ಡುಗಳನ್ನು ವಿಂಗಡಿಸುವ ಪರೀಕ್ಷೆಯೊಂದು ಹುಟ್ಟಿತು. ಬಣ್ಣ ನೋಡಿ ವಿಂಗಡಿಸಬೇಕೋ ಆಕಾರ ನೋಡಿಯೋ ಎಂದು ಹೇಳಿಕೊಡುವುದಿಲ್ಲ. ಸರಿ, ತಪ್ಪು ಎನ್ನುವುದನ್ನು ಕೇಳಿಕೊಂಡು ಅವರೇ ನಿಯಮ ಕಂಡುಕೊಳ್ಳಬೇಕು. ಕಂಡುಕೊಂಡ ಸ್ವಲ್ಪ ಹೊತ್ತಿಗೆ ಹೇಳದೆ ಕೇಳದೆ ನಿಯಮ ಬದಲಾಗುತ್ತದೆ. 1963ರಲ್ಲಿ ಮಾಂಟ್ರಿಯಲ್‌ನ ಬ್ರೆಂಡಾ ಮಿಲ್ನರ್, ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆ ಆದವರು ನಿಯಮ ಬದಲಾದ ಮೇಲೂ ಹಳೆಯದಕ್ಕೇ ಅಂಟಿಕೊಳ್ಳುತ್ತಾರೆ ಎಂದು ತೋರಿಸಿದರು. ಅಲ್ಲಿಂದ ಮುಂದೆ ಇಂಥ ಪರೀಕ್ಷೆಗಳಿಗೆ ‘ಮುಂಭಾಗದ ಪರೀಕ್ಷೆ’ ಎಂಬ ಹೆಸರು ಅಂಟಿತು. ಅಂಕ ಕಡಿಮೆಯಾದರೆ ಮುಂಭಾಗ ಕೆಟ್ಟಿದೆ, ಚೆನ್ನಾಗಿದ್ದರೆ ಮುಂಭಾಗವೂ ಚೆನ್ನಾಗಿದೆ ಎಂಬ ಓದು ರೂಢಿಗೆ ಬಂತು. ಎರಡೂ ಪೂರ್ತಿ ನಿಜವಲ್ಲ.

ಅದು ಸ್ಪಷ್ಟವಾದದ್ದು 1985ರಲ್ಲಿ. ಎಸ್ಲಿಂಗರ್ ಮತ್ತು ಡಮಾಸಿಯೊ ಎಂಬ ಇಬ್ಬರು ಸಂಶೋಧಕರು, ಮಿದುಳಿನ ಮುಂಭಾಗದಿಂದ ಗಡ್ಡೆ ತೆಗೆಸಿಕೊಂಡ ಒಬ್ಬನ ಕಥೆ ಪ್ರಕಟಿಸಿದರು. ಬುದ್ಧಿ, ನೆನಪು, ಕಾರ್ಡು ವಿಂಗಡಣೆ, ಎಲ್ಲದರಲ್ಲೂ ಅವನಿಗೆ ಒಳ್ಳೆಯ ಅಂಕ. ಬದುಕು ಮಾತ್ರ ಚೂರುಚೂರು: ಕೆಲಸ ಹೋಯಿತು, ಹಣ ಮುಳುಗಿತು, ಸಂಸಾರ ಒಡೆಯಿತು. ಕಾರ್ಡು ವಿಂಗಡಿಸುವಾಗ ಹೆಚ್ಚು ದುಡಿಯುವುದು ಹಣೆಯ ಹಿಂದಿನ ಮೇಲಿನ, ಹೊರಗಿನ ಭಾಗ. ಅವನಲ್ಲಿ ಪೆಟ್ಟಾದದ್ದು ಕಣ್ಣುಗುಡ್ಡೆಯ ಮೇಲಿನ ತಳಭಾಗಕ್ಕೆ. ಎಫ್‌ಟಿಡಿಯ ನಡತೆಯ ಬಗೆಯೂ ಹೆಚ್ಚಾಗಿ ಈ ತಳಭಾಗ ಮತ್ತು ಒಳಮಗ್ಗುಲಿನಿಂದಲೇ ಶುರುವಾಗುತ್ತದೆ. ಆದ್ದರಿಂದ ಆರಂಭದ ವರ್ಷಗಳಲ್ಲಿ ‘ಮುಂಭಾಗದ ಪರೀಕ್ಷೆ’ಗಳು ಸರಿಯಾಗಿಯೇ ಬರಬಹುದು. ವರದಿಯಲ್ಲಿ ‘ಎಲ್ಲ ಸಾಮಾನ್ಯ’ ಎಂದು ಕಂಡ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನುವಂತಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ಮನೆಯವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಇದೇ.

ಅದೇ ದಶಕದಲ್ಲಿ ಸ್ವೀಡನ್ನಿನ ಲುಂಡ್ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವೈದ್ಯರು ಇಂಥ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ, 1994ರಲ್ಲಿ ಗುರುತಿಸುವ ಲಕ್ಷಣಗಳನ್ನು ಒಟ್ಟಾಗಿ ಪ್ರಕಟಿಸಿದರು. 2011ರಲ್ಲಿ ಬಂದ ಈಗಿನ ಮಾನದಂಡದಲ್ಲಿ ಆರು ಲಕ್ಷಣಗಳಿವೆ. ಲಂಗುಲಗಾಮಿಲ್ಲದ ನಡತೆ, ನಿರಾಸಕ್ತಿ, ಬೇರೆಯವರ ನೋವು ತಟ್ಟದಿರುವುದು, ಮಾಡಿದ್ದನ್ನೇ ಮಾಡುವುದು, ತಿನ್ನುವುದರಲ್ಲಿ ಬದಲಾವಣೆ, ಈ ಐದೂ ಮನೆಯಲ್ಲಿ ಕಾಣುವಂಥವು. ಪರೀಕ್ಷೆಯ ಅಂಕಕ್ಕೆ ಸೇರಿದ್ದು ಆರನೆಯದು ಒಂದೇ: ಯೋಜನೆ, ನಿಯಂತ್ರಣಗಳಲ್ಲಿ ಕೊರತೆ ಇದ್ದು, ನೆನಪು ಮತ್ತು ನೋಟದ ಅಂದಾಜು ಅದಕ್ಕೆ ಹೋಲಿಸಿದರೆ ಉಳಿದಿರುವುದು. ಆರರಲ್ಲಿ ಮೂರು ಇದ್ದರೆ ‘ಇರಬಹುದು’ ಎನ್ನುವ ಹಂತ. ಅಂದರೆ ಅಂಕಗಳ ನೆರವಿಲ್ಲದೆಯೂ ಆ ಹಂತ ಮುಟ್ಟಬಹುದು, ಬರೀ ಅಂಕಗಳಿಂದ ಮುಟ್ಟಲಾಗದು.

ಈಗ ಒಂದು ಉದಾಹರಣೆ ನೋಡೋಣ. ಇದು ಯಾರೋ ಒಬ್ಬರ ಕಥೆಯಲ್ಲ, ವಿಷಯ ವಿವರಿಸಲು ನಾನೇ ಕಟ್ಟಿಕೊಂಡದ್ದು. ಶಿರ್ವದ ಕಡೆಯ 58 ವರ್ಷದ ಒಬ್ಬರು. ಓದಿದ್ದು ಹತ್ತನೇ ತರಗತಿ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಮನೆಮಾತು ತುಳು, ಶಾಲೆಯದು ಕನ್ನಡ, ವ್ಯಾಪಾರದ್ದು ಹಿಂದಿ. ಹೆಂಡತಿಯ ದೂರು ಇಷ್ಟು: ‘ಇವರು ಮೊದಲು ಹೀಗೆ ಇರಲಿಲ್ಲ. ಸ್ವಂತ ಅಣ್ಣನ ಬೊಜ್ಜದ ದಿನ ಎಲ್ಲರೂ ಅಳುತ್ತಿದ್ದರೆ ಇವರು ಪಾಯಸ ಯಾವಾಗ ಬಡಿಸುತ್ತಾರೆ ಎಂದು ಎದ್ದೆದ್ದು ಕೇಳಿದರು. ಸಿಹಿ ಮುಟ್ಟದವರು ಈಗ ಡಬ್ಬಿ ಖಾಲಿ ಮಾಡುತ್ತಾರೆ.’

ಸಾಮಾನ್ಯವಾಗಿ ಮೊದಲು ಮಾಡುವ 30 ಅಂಕದ ಚಿಕ್ಕ ಪರೀಕ್ಷೆ 1975ರದ್ದು. ಅದರಲ್ಲಿ ಇವರಿಗೆ 28. ದಿನಾಂಕ, ಊರು, ಕಳೆಯುವ ಲೆಕ್ಕ, ಮೂರು ಪದಗಳ ನೆನಪು, ಇಂಥವೇ ಅದರ ತುಂಬ ಇರುವುದರಿಂದ ಈ ಕಾಯಿಲೆ ಅದರ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಈ ಕೊರತೆ ತುಂಬಲು ಕೇಂಬ್ರಿಜ್‌ನಲ್ಲಿ 100 ಅಂಕದ ಪರೀಕ್ಷೆಯೊಂದು ಸಿದ್ಧವಾಯಿತು. 2000ದಲ್ಲಿ ಅದನ್ನು ಪ್ರಕಟಿಸಿದ ಬರಹದ ಮೊದಲ ಲೇಖಕರು ನಮ್ಮ ದೇಶದ ಡಾ. ಪಿ. ಎಸ್. ಮಥುರನಾಥ್. ಅದರೊಳಗೆ ಒಂದು ಸರಳ ಭಾಗಾಕಾರವಿದೆ. ಒಂದು ನಿಮಿಷದಲ್ಲಿ ಪದ ಹೇಳುವುದಕ್ಕೆ 14 ಅಂಕ, ಭಾಷೆಗೆ 28, ಇವೆರಡನ್ನು ಕೂಡಿಸಬೇಕು. ದಿನ-ಸ್ಥಳದ ಅರಿವಿಗೆ 10, ಹೆಸರು-ವಿಳಾಸವನ್ನು ಸ್ವಲ್ಪ ಹೊತ್ತಿನ ಮೇಲೆ ನೆನೆದು ಹೇಳುವುದಕ್ಕೆ 7. ಇವೆರಡರ ಮೊತ್ತದಿಂದ ಮೊದಲಿನದನ್ನು ಭಾಗಿಸಬೇಕು. ಉತ್ತರ 2.2ಕ್ಕಿಂತ ಕಡಿಮೆ ಬಂದರೆ ಎಫ್‌ಟಿಡಿಯ ಕಡೆಗೆ, 3.2ಕ್ಕಿಂತ ಹೆಚ್ಚು ಬಂದರೆ ಆಲ್ಝೈಮರ್ ಕಡೆಗೆ ವಾಲುತ್ತದೆ. ನಮ್ಮ ಉದಾಹರಣೆಯವರಿಗೆ ಪದ ಹೇಳುವುದರಲ್ಲಿ 4, ಭಾಷೆಯಲ್ಲಿ 25, ಒಟ್ಟು 29. ದಿನ-ಸ್ಥಳ 10, ವಿಳಾಸದ ನೆನಪು 6, ಒಟ್ಟು 16. ಭಾಗಿಸಿದರೆ 1.8. ಆದರೆ ಎಲ್ಲದರಲ್ಲೂ ಪೂರ್ಣ ಅಂಕ ಪಡೆದ ಆರೋಗ್ಯವಂತನನ್ನು ತೆಗೆದುಕೊಳ್ಳಿ: 42ನ್ನು 17ರಿಂದ ಭಾಗಿಸಿದರೆ ಸುಮಾರು 2.5, ನಡುವಿನ ಜಾಗ. ನಡತೆ ಮಾತ್ರ ಕೆಟ್ಟು ಅಂಕ ಕೆಡದ ರೋಗಿಯೂ ಅಲ್ಲೇ ನಿಲ್ಲುತ್ತಾನೆ. ಹಾಗಾಗಿ ಈ ಸಂಖ್ಯೆ ವಾಲಿದಾಗ ಸುಳಿವು ಕೊಡುತ್ತದೆ, ವಾಲದಿದ್ದಾಗ ಏನನ್ನೂ ತಳ್ಳಿಹಾಕುವುದಿಲ್ಲ.

ಪದ ಹೇಳುವುದರಲ್ಲಿ ಆ ನಾಲ್ಕೇ ಅಂಕ ಏಕೆ ಬಂತು? ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ, ಓದು, ಮೂರನ್ನೂ ನೋಡಿ ಹೋಲಿಸಲು ನಮ್ಮವರದೇ ಅಂಕಗಳಿವೆ. ಅಕ್ಷರ ಕೊಟ್ಟು ಪದ ಹೇಳಿಸುವ ಪರೀಕ್ಷೆ ಅದರಲ್ಲೂ ಇದೆ. ಊರಿನ, ಜನರ ಹೆಸರು ಹೇಳಬಾರದು. ‘ಕ’ ಅಕ್ಷರ ಕೊಟ್ಟಾಗ ಇವರು ಹೇಳಿದ್ದು: ಕಲ್ಲು, ಕಣ್ಣು, ಕತ್ತೆ, ಕಲ್ಲು, ಕಾಪು, ಕಟಪಾಡಿ, ಕಾರ್ಕಳ. ಊರಿನ ಹೆಸರು ಬೇಡ ಎಂದು ನೆನಪಿಸಿದರೆ ‘ಹೌದೌದು’ ಎಂದು ನಕ್ಕು, ಕುಂದಾಪುರ ಎಂದರು. ತುಳು ಮನೆಮಾತಿನವರಿಗೆ ಕನ್ನಡದಲ್ಲಿ ಪದ ಕಡಿಮೆ ಬಂದರೆ ಅದು ಭಾಷೆಯ ಕಾರಣಕ್ಕೂ ಇರಬಹುದು. ಅದಕ್ಕೇ ಪ್ರಾಣಿಗಳ ಹೆಸರನ್ನು ತುಳುವಿನಲ್ಲೂ ಹೇಳಿಸಿ ನೋಡಬೇಕು. ಆದರೆ ನಿಯಮ ಗೊತ್ತಿದ್ದೂ ಮುರಿಯುವುದಕ್ಕೆ ಭಾಷೆ ಕಾರಣವಲ್ಲ. ವರದಿಯಲ್ಲಿ ಮೂರು ಪದ ಎಂದಷ್ಟೇ ಬರೆದರೆ ಈ ಮುಖ್ಯ ಸಂಗತಿ ಬಿಟ್ಟುಹೋಗುತ್ತದೆ.

ನೆನಪಿನ ಪರೀಕ್ಷೆಯಲ್ಲೂ ಹೀಗೆಯೇ. 15 ಪದಗಳನ್ನು ಐದು ಸಲ ಓದಿ ಹೇಳಿದಾಗ ಇವರು ಒಪ್ಪಿಸಿದ್ದು 4, 6, 7, 7, 8. ಸ್ವಲ್ಪ ಹೊತ್ತಿನ ಮೇಲೆ 6. ಓದಿಗೆ ತಕ್ಕ ಗುಂಪಿನೊಂದಿಗೆ ಹೋಲಿಸಿದರೂ ಕಡಿಮೆ. ಅವಸರದ ವರದಿ ‘ನೆನಪಿನ ಕೊರತೆ’ ಎಂದು ಬರೆದು ಆಲ್ಝೈಮರ್ ಕಡೆಗೆ ತಿರುಗಿಬಿಡಬಹುದು. ಆದರೆ ಪಟ್ಟಿಯಲ್ಲಿದ್ದ ಪದಗಳನ್ನು ಬೇರೆ ಪದಗಳ ನಡುವೆ ಸೇರಿಸಿ ‘ಇದು ಇತ್ತೇ?’ ಎಂದು ಕೇಳಿದಾಗ 15ರಲ್ಲಿ 14 ಗುರುತಿಸಿದರು, ಇಲ್ಲದ್ದನ್ನು ಇತ್ತು ಎನ್ನಲಿಲ್ಲ. ಪದಗಳು ಒಳಗೆ ಉಳಿದಿವೆ, ತಾವಾಗಿ ಹುಡುಕಿ ತೆಗೆಯುವ ಶ್ರಮ ನಡೆಯುತ್ತಿಲ್ಲ. ಆಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಗುರುತಿಸುವುದೂ ಕೈಕೊಡುತ್ತದೆ. ಸಾಮಾನ್ಯವಾಗಿ ಎಂದೆ, ಏಕೆಂದರೆ ಎಫ್‌ಟಿಡಿಯಲ್ಲೂ ನೆನಪು ನಿಜವಾಗಿ ಕೆಟ್ಟವರಿದ್ದಾರೆ.

ಚಿತ್ರ ನೋಡಿ ಬರೆಯುವಾಗ ಅವರು ಅರ್ಧಕ್ಕೇ ‘ಆಯಿತು’ ಎಂದು ಪೆನ್ಸಿಲ್ ಕೆಳಗಿಟ್ಟರು. ಅಂಕ ಕಡಿಮೆ, ಆದರೆ ಬರೆದಷ್ಟು ಗೆರೆಗಳು ತಮ್ಮ ತಮ್ಮ ಜಾಗದಲ್ಲೇ ಇವೆ. ಇದು ನೋಟದ ಅಂದಾಜು ಕೆಟ್ಟದ್ದಲ್ಲ. 2005ರಲ್ಲಿ ಮ್ಯಾಂಚೆಸ್ಟರ್‌ನವರು ಎರಡೂ ಕಾಯಿಲೆಯವರನ್ನು ಹೋಲಿಸಿ, ಬರೀ ಅಂಕಗಳಿಗಿಂತ ತಪ್ಪಿನ ಬಗೆ ಇವುಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ ಎಂದು ತೋರಿಸಿದರು. ಪಿಕ್ ಹಾಸಿಗೆಯ ಪಕ್ಕ ಕೂತು ಮಾಡುತ್ತಿದ್ದ ಕೆಲಸ ಅಂಕಪಟ್ಟಿಯ ಪಕ್ಕಕ್ಕೆ ಮತ್ತೆ ಬಂತು.

ಪರ್ಸೆಂಟೈಲ್ ಬಗ್ಗೆ ಒಂದು ಎಚ್ಚರಿಕೆ. ನಿಮ್ಹಾನ್ಸ್ ಮಾಲೆಯಲ್ಲಿ 15ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಅಂದರೆ ಆರೋಗ್ಯವಂತರಲ್ಲೂ ನೂರಕ್ಕೆ ಹದಿನೈದು ಮಂದಿ ಆ ಗೆರೆಯ ಕೆಳಗಿರುತ್ತಾರೆ. 20 ಅಂಕಗಳನ್ನು ನೋಡಿದರೆ ಯಾವ ಕಾಯಿಲೆಯೂ ಇಲ್ಲದವರಲ್ಲಿ ಸರಾಸರಿ ಮೂರು ಕೆಳಗೆ ಬೀಳುತ್ತವೆ. ಅಲ್ಲೊಂದು ಇಲ್ಲೊಂದು ಬಿದ್ದದ್ದನ್ನು ಹೆಕ್ಕಿ ಕಾಯಿಲೆ ಕಟ್ಟಬಾರದು. ಬಿದ್ದವು ಒಂದೇ ಕಡೆ ಬೆರಳು ತೋರುತ್ತಿವೆಯೇ, ಮನೆಯವರ ಮಾತಿಗೆ ಹೊಂದುತ್ತವೆಯೇ ಎಂದು ನೋಡಬೇಕು. ಆ ಮಾಲೆಯ ಹೋಲಿಕೆ 65 ವರ್ಷದವರೆಗೆ ಮಾತ್ರ. 72 ವರ್ಷದವರನ್ನು ಅದರಲ್ಲಿ ಅಳೆದರೆ ವಯಸ್ಸೇ ಕಾಯಿಲೆಯಂತೆ ಕಾಣುತ್ತದೆ.

ನಮ್ಮ ಉದಾಹರಣೆಯ ವರದಿಯ ಕೊನೆಯ ಪ್ಯಾರಾ ನಾನು ಬರೆಯುವುದಾದರೆ ಹೀಗಿರುತ್ತದೆ: ‘ಪದ ಹುಡುಕುವಿಕೆ, ನಿಯಮ ಪಾಲನೆಗಳಲ್ಲಿ ಕೊರತೆ ಇದೆ, ಗುರುತಿಸುವ ನೆನಪು ಮತ್ತು ನೋಟದ ಅಂದಾಜು ಉಳಿದಿವೆ. ಪತ್ನಿ ಹೇಳಿದ ನಡತೆಯ ಬದಲಾವಣೆಯೊಂದಿಗೆ ಓದಿದಾಗ ಇದು ಎಫ್‌ಟಿಡಿಯ ಸಂಶಯವನ್ನು ಬೆಂಬಲಿಸುತ್ತದೆ, ಖಚಿತಪಡಿಸುವುದಿಲ್ಲ. ತಡವಾಗಿ ಶುರುವಾಗುವ ಮನೋರೋಗ, ಮದ್ಯಪಾನ, ಥೈರಾಯ್ಡ್, ಬಿ12 ಕೊರತೆಗಳನ್ನು ಪರಿಶೀಲಿಸಿ, ಎಂಆರ್‌ಐ ಜೊತೆ ಹೋಲಿಸಬೇಕು. ಪರೀಕ್ಷೆ ಕನ್ನಡದಲ್ಲಿ ನಡೆದಿದೆ, ಪ್ರಾಣಿಗಳ ಹೆಸರು ಮಾತ್ರ ತುಳುವಿನಲ್ಲೂ. ಒಂದು ವರ್ಷದ ಬಳಿಕ ಅದೇ ಭಾಷೆಯಲ್ಲಿ ಮತ್ತೆ ಮಾಡಬೇಕು. ಬರುವಾಗ ಇವರನ್ನು ಹತ್ತು ವರ್ಷಗಳಿಂದ ಬಲ್ಲವರೊಬ್ಬರು ಜೊತೆಗಿರಲಿ.’