ಜಗತ್ತಿನ ಕಲೆಯ ಇತಿಹಾಸವನ್ನು ಕಲಿಸುವ ಕ್ರಮ



ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಜಗತ್ತಿನ ಕಲೆಯ ಇತಿಹಾಸವನ್ನು ಒಂದು ಸೆಮಿಸ್ಟರಿನಲ್ಲಿ, ಅಂದರೆ ಸುಮಾರು 16 ವಾರಗಳಲ್ಲಿ, ಕಲಿಸುವುದು ಹೇಗೆಂಬುದೇ ಇಂದಿನ ವಿಷಯವು. ಇದಕ್ಕೆ ರೂಢಿಯ ಹಾದಿಯೊಂದುಂಟು. ಈಜಿಪ್ತದಿಂದ ಹೊರಟು ಗ್ರೀಸ್, ರೋಮ್, ಇಟಲಿಗಳನ್ನು ದಾಟಿ ಪ್ಯಾರಿಸ್ ನಗರದ ಚಿತ್ರಕಾರರಲ್ಲಿಗೆ ಮುಟ್ಟುವ ಶೈಲಿಗಳ ಮೆರವಣಿಗೆಯದು. ಬ್ಯಾನಿಸ್ಟರ್ ಫ್ಲೆಚರರ ವಾಸ್ತುಶಿಲ್ಪದ ಇತಿಹಾಸವು 1896ರಲ್ಲಿ ಮೊದಲು ಅಚ್ಚಾಯಿತು. ಅದರ ಮುಂದಿನ ಮುದ್ರಣಗಳಲ್ಲಿ ಈ ಮೆರವಣಿಗೆಯು ಒಂದು ವೃಕ್ಷದ ಚಿತ್ರವಾಗಿ ಕಾಣುತ್ತದೆ. ನಡುಗಾಂಡವು ಯುರೋಪಿನದು, ಭಾರತ, ಚೀನ, ಮೆಕ್ಸಿಕೋಗಳು ಮುಂದೆ ಬೆಳೆಯದೆ ನಿಂತುಹೋದ ಪಕ್ಕದ ಕೊಂಬೆಗಳು. ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ಬಾಲಕನು ಇದನ್ನು ಓದಿದರೆ, ತನ್ನ ಭೀಮಾತೀರದ ಕಲ್ಲುಗಳಿಗೆ ಇತಿಹಾಸವೇ ಇಲ್ಲವೆಂದು ತಿಳಿದು ಮನೆಗೆ ಮರಳುವನು. ಬಹುಜನರಿಗೆ ಈ ವಿಷಯದಲ್ಲಿ ಮೊದಲ ಪಾಠವೇ ಕಡೆಯ ಪಾಠವಾಗಿರುವುದರಿಂದ, ಆ ತಪ್ಪನ್ನು ತಿದ್ದುವ ಅವಕಾಶವು ಮುಂದೆ ಒದಗುವುದಿಲ್ಲ.

ಹಾಗಾದರೆ ಮೆರವಣಿಗೆಯನ್ನು ಬಿಟ್ಟ ಮೇಲೆ ಪಾಠಗಳಿಗೆ ಅನುಕ್ರಮವೇನು? ಅನುಕ್ರಮವಿಲ್ಲದ ಪಾಠವು ಜಾತ್ರೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದಂತಾಗುವುದು. ಇದಕ್ಕೆ ಉತ್ತರವಿಷ್ಟೇ: ಕಲೆಯು ಬೆಳೆದ ಕ್ರಮವನ್ನಲ್ಲ, ನೋಡುವವನ ಕಣ್ಣು ಬಲಿಯುವ ಕ್ರಮವನ್ನು ಹಿಡಿಯಬೇಕು. ಒಂದೊಂದು ಘಟ್ಟದಲ್ಲಿ ವಿದ್ಯಾರ್ಥಿಯು ಒಂದೊಂದು ಹೊಸ ಪ್ರಶ್ನೆಯನ್ನು ಕೇಳಲು ಕಲಿಯಬೇಕು. ಮುಂದಿನ ಘಟ್ಟವು ಹಿಂದಿನದರ ಮೇಲೆ ನಿಲ್ಲಬೇಕು.

16 ವಾರಗಳನ್ನು ಈ ರೀತಿ ಹಂಚಬಹುದು. ಮೊದಲ 2 ವಾರ, ಎದುರಿಗಿರುವ ವಸ್ತುವನ್ನು ಹೊಗಳದೆ ತೆಗಳದೆ ವರ್ಣಿಸುವುದು. ಆಮೇಲೆ ಮೂರು ಮೂರು ವಾರಗಳ ನಾಲ್ಕು ಘಟ್ಟಗಳು: ಕುರುಹು ಮತ್ತು ಮೂರ್ತಿ, ಅರಸನ ಮುಖ, ಜನರು ಕೂಡುವ ಮಾಡು, ನಾಡಿನಿಂದ ನಾಡಿಗೆ ಸಾಗಿದ ಸಾಮಗ್ರಿ. ಕಡೆಯ 2 ವಾರಗಳಲ್ಲಿ ವಿದ್ಯಾರ್ಥಿಯು ತನ್ನ ಊರಿನ ಒಂದು ವಸ್ತುವನ್ನು ಕುರಿತು ತಾನೇ ಬರೆಯಬೇಕು. ವಾರಕ್ಕೆ 3 ಗಂಟೆಯಂತೆ 14 ವಾರಗಳಿಗೆ 42 ಗಂಟೆಗಳಾದವು. ಒಂದು ವಸ್ತುವನ್ನು ಸರಿಯಾಗಿ ನೋಡಲು 2 ಗಂಟೆಯಾದರೂ ಬೇಕು. ಆದಕಾರಣ 21 ವಸ್ತುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಎಲ್ಲ ನಾಡುಗಳನ್ನೂ ಮುಗಿಸುವೆನೆಂಬ ಆಸೆಯನ್ನು ಅಧ್ಯಾಪಕನು ಇಲ್ಲಿಯೇ ಬಿಡತಕ್ಕದ್ದು.

ಕುರುಹು ಮತ್ತು ಮೂರ್ತಿಯ ಘಟ್ಟಕ್ಕೆ ಗಾಣಗಾಪುರಕ್ಕಿಂತ ಒಳ್ಳೆಯ ಆರಂಭವಿಲ್ಲ. ಭೀಮಾ ಅಮರಜಾ ಸಂಗಮದ ಆ ಕ್ಷೇತ್ರದಲ್ಲಿ ಶ್ರೀ ನೃಸಿಂಹಸರಸ್ವತಿಗಳ ನಿರ್ಗುಣ ಪಾದುಕೆಗಳಿಗೆ ಪೂಜೆ ಸಲ್ಲುತ್ತದೆ. ಅದೇ ಭೀಮೆಯ ದಂಡೆಯಲ್ಲಿ ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪವಿದೆ. ಅಲ್ಲಿ ಬುದ್ಧನ ಪಾದಗಳನ್ನು ಕೊರೆದ ಕಲ್ಲುಗಳೂ ಬುದ್ಧನ ಮೂರ್ತಿಗಳೂ ಒಂದೇ ನೆಲದಲ್ಲಿ ದೊರೆತವು. ಮೆರವಣಿಗೆಯ ಇತಿಹಾಸವು, ಮೊದಲು ಕುರುಹು, ಆಮೇಲೆ ಮೂರ್ತಿ, ಇದೇ ಮುನ್ನಡೆಯೆಂದು ಹೇಳುತ್ತದೆ. ಆದರೆ ಕನಗನಹಳ್ಳಿಯ ತರುವಾಯ ಸಾವಿರ ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಗಾಣಗಾಪುರವು ಪಾದುಕೆಯನ್ನೇ ಆರಿಸಿಕೊಂಡಿತು. ಕುರುಹೆಂಬುದು ಮೂರ್ತಿಯನ್ನು ಮಾಡಲರಿಯದವರ ಬಾಲ್ಯವಲ್ಲ, ಬೇಕೆಂದೇ ಮಾಡಿದ ಆಯ್ಕೆಯೆಂಬುದು ಇದರಿಂದ ವಿದಿತವಾಗುವುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜಿಸುವ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಅರಸನ ಮುಖದ ಘಟ್ಟದಲ್ಲಿ ಕೇಳುವ ಪ್ರಶ್ನೆಯು, ಇವನು ಇಂಥವನೆಂದು ತಿಳಿಯುವುದು ಹೇಗೆಂಬುದು. ಕನಗನಹಳ್ಳಿಯ ಒಂದು ಫಲಕದಲ್ಲಿ ಅರಸನೊಬ್ಬನು ರಾಣಿಯೊಡನೆ ಪರಿವಾರಸಮೇತನಾಗಿ ನಿಂತಿದ್ದಾನೆ. ಬ್ರಾಹ್ಮೀ ಲಿಪಿಯಲ್ಲಿ ಅಶೋಕರಾಯನೆಂಬ ಹೆಸರಿದೆ. ಈ ಫಲಕವು ಅಶೋಕನ ಕಾಲದ್ದಲ್ಲ. ಶತಮಾನಗಳು ಕಳೆದ ಮೇಲೆ ಶಾತವಾಹನರ ಕಾಲದಲ್ಲಿ ಕೊರೆದದ್ದು. ಆದುದರಿಂದ ಆ ಮುಖವು ಅಶೋಕನದೆನ್ನಲು ಹೆಸರೊಂದೇ ಆಧಾರ. ಮಥುರೆಯ ಕನಿಷ್ಕನ ವಿಗ್ರಹಕ್ಕಂತೂ ತಲೆಯೇ ಇಲ್ಲ. ಅಲ್ಲಿಯೂ ಶಾಸನದ ಹೆಸರೇ ಗುರುತು. ಇನ್ನು ರೋಮಿನ ಅಗಸ್ಟಸನ ಮುಖವು ನಿಜದಂತೆಯೇ ತೋರುವುದು. ಆದರೆ ಎಪ್ಪತ್ತು ದಾಟಿ ಬದುಕಿದ ಆತನು ವಿಗ್ರಹಗಳಲ್ಲಿ ಸದಾ ತರುಣನೇ. ಮೂರನ್ನೂ ಒಟ್ಟಿಗಿಟ್ಟಾಗ, ಒಂದು ನಿಜ ಮತ್ತೊಂದು ಒರಟು ಎಂಬ ತೀರ್ಪು ನಿಲ್ಲುವುದಿಲ್ಲ.

ಮೂರನೆಯ ಘಟ್ಟವು, ಹೋಲಿಕೆಯನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿಸುವುದು. ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯು ಶಾಸನದಂತೆ 1367ರದು. ಸ್ಪೇನದ ಕೊರ್ಡೊವಾ ಮಸೀದಿಯನ್ನು ನೋಡಿ ಕಟ್ಟಿದ್ದೆಂಬ ಮಾತು ಬಹಳ ಹಬ್ಬಿದೆ. ವಿದ್ಯಾರ್ಥಿಗಳು ಎರಡರ ನಕ್ಷೆಗಳನ್ನೂ ಮುಂದಿಟ್ಟುಕೊಂಡು ಮೂರು ಸಂಗತಿಗಳನ್ನು ನೋಡಲಿ. ಅಂಗಳವಿದೆಯೇ? ಕೊರ್ಡೊವಾದಲ್ಲಿ ವಿಶಾಲವಾದ ತೆರೆದ ಅಂಗಳವಿದೆ. ಕಲಬುರಗಿಯಲ್ಲಿ ಅದಿಲ್ಲ, ಎಲ್ಲವೂ ಮಾಡಿನ ಕೆಳಗಿದೆ. ಮಾಡು ಎಂಥದು? ಅಲ್ಲಿ ಬಹುಭಾಗ ಮರದ್ದು, ಇಲ್ಲಿ ಗುಮ್ಮಟಗಳದ್ದು. ಅದನ್ನು ಹೊತ್ತುದು ಯಾವುದು? ಅಲ್ಲಿ ಸಣ್ಣ ಕಂಬಗಳ ಮೇಲೆ ಎರಡಂತಸ್ತಿನ ಕಮಾನುಗಳು. ಇಲ್ಲಿ ದಪ್ಪ ಚೌಕ ಸ್ತಂಭಗಳು. ಎರಡರ ಆರಂಭಗಳ ನಡುವೆ ಸುಮಾರು 580 ವರ್ಷಗಳ ಅಂತರವುಂಟು. ಉಳಿದ ಹೋಲಿಕೆಯು ಸಾಲುಸಾಲು ಕಮಾನುಗಳದಷ್ಟೇ. ಇಷ್ಟರಿಂದ ತಂದೆಮಕ್ಕಳ ಸಂಬಂಧವನ್ನು ಕಟ್ಟಲಾಗದು. ಶೈಲಿಗಳ ಮೆರವಣಿಗೆಯು ಇಂಥ ಸಡಿಲ ಹೋಲಿಕೆಗಳಿಂದಲೇ ನಡೆಯುವುದೆಂದು ಆಗ ಅವರಿಗೆ ಮನದಟ್ಟಾಗುವುದು.

ನಿಜವಾದ ಸಂಬಂಧವು ಹೇಗಿರುವುದೆಂಬುದನ್ನು ನಾಲ್ಕನೆಯ ಘಟ್ಟವು ತೋರಿಸಬೇಕು. ಪಾರಸಿಕ ದೇಶದ ಕೋಬಾಲ್ಟ್ ನೀಲಿಯು 14ನೆಯ ಶತಮಾನದಲ್ಲಿ ಚೀನದ ಜಿಂಗ್‌ದೆಜೆನ್ ಕುಲುಮೆಗಳಿಗೆ ಹೋಯಿತು. ಅಲ್ಲಿಯ ನೀಲಿ ಬಿಳಿ ಪಾತ್ರೆಗಳು ಪಶ್ಚಿಮಕ್ಕೆ ಮರಳಿ ಬಂದವು. ಬೀದರಿನಲ್ಲಿ ಮಹಮೂದ ಗವಾನನ ಮದರಸೆಯ ಬಣ್ಣದ ಹೆಂಚುಗಳನ್ನು ಈ ದಾರಿಯ ಪಕ್ಕದಲ್ಲಿಟ್ಟು ನೋಡಬೇಕು. ಇಲ್ಲಿ ಸಂಬಂಧಕ್ಕೆ ಸಾಕ್ಷಿಯು ಕಣ್ಣಿನ ಹೋಲಿಕೆಯಲ್ಲ, ಸಾಮಗ್ರಿಯು ನಡೆದ ದಾರಿ.

ಶೈಲಿಯ ಸಾಲನ್ನು ಬಿಟ್ಟರೆ ವಿದ್ಯಾರ್ಥಿಗೆ ಕಾಲದ ಅರಿವೇ ತಪ್ಪುವುದೆಂಬ ಆಕ್ಷೇಪಣೆಯು ನ್ಯಾಯವಾದದ್ದು. ಅದಕ್ಕಾಗಿ ತರಗತಿಯ ಗೋಡೆಗೆ ಒಂದು ದೊಡ್ಡ ಕೋಷ್ಟಕವನ್ನು ತೂಗುಹಾಕಬೇಕು. ಮೇಲಿನಿಂದ ಕೆಳಗೆ ಶತಮಾನಗಳು, ಎಡದಿಂದ ಬಲಕ್ಕೆ ನಾಡುಗಳು. ಪಾಠವಾದ ವಸ್ತುವನ್ನು ಆಯಾ ವಾರವೇ ಅದರ ಮನೆಯಲ್ಲಿ ಬರೆಯಬೇಕು.

ಈ ಕೋಷ್ಟಕದಿಂದಲೇ ಪಾಠಕ್ರಮದ ದೋಷವೂ ತಿಳಿಯುವುದು. 1500ರ ಕೆಳಗೆ ಯುರೋಪಿನ ಮನೆಗಳು ಮಾತ್ರ ತುಂಬಿ ಉಳಿದವು ಬರಿದಾಗಿದ್ದರೆ, ಹೊರಗಟ್ಟಿದ ಮೆರವಣಿಗೆಯು ಹಿತ್ತಲ ಬಾಗಿಲಿನಿಂದ ಒಳಬಂದಿದೆಯೆಂದೇ ಅರ್ಥ. ಆಗ ಬೀದರಿನ ಬಿದರಿ ಪಾತ್ರೆಯನ್ನೋ, ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ಚಿತ್ರವನ್ನೋ ತಂದು ಆ ಮನೆಗಳನ್ನು ತುಂಬಬೇಕು. ಇನ್ನೊಂದು ದೋಷವು ಮಾತಿನಲ್ಲಿ ಅಡಗಿರುವುದು. ಉಚ್ಛ್ರಾಯ, ಅವನತಿ, ಒರಟು ಎಂಬ ಪದಗಳು ಉತ್ತರಪತ್ರಿಕೆಗಳಲ್ಲಿ ಕಾಣಿಸಿಕೊಂಡರೆ, ಕ್ರಮವು ಬದಲಾದರೂ ನೋಟವು ಬದಲಾಗಲಿಲ್ಲವೆಂದು ಅಧ್ಯಾಪಕನು ತಿಳಿಯಬೇಕು.

ಪರೀಕ್ಷೆಯೂ ಇದಕ್ಕೆ ಹೊಂದಿರತಕ್ಕದ್ದು. ಶೈಲಿಯ ಹೆಸರು, ಇಸವಿಗಳನ್ನು ಕೇಳಿದರೆ ವಿದ್ಯಾರ್ಥಿಯು ಮೆರವಣಿಗೆಯನ್ನೇ ಬಾಯಿಪಾಠ ಮಾಡುವನು. ಅದರ ಬದಲು, ತರಗತಿಯಲ್ಲಿ ನೋಡದ ಎರಡು ವಸ್ತುಗಳ ಚಿತ್ರಗಳನ್ನು ಕೊಟ್ಟು, ಇವನ್ನು ನೋಡಿ ಏನು ಹೇಳಬಹುದು, ಯಾವುದನ್ನು ಹೇಳಲಾಗದು, ಅದನ್ನು ಹೇಳಲು ಇನ್ನಾವ ಸಾಕ್ಷ್ಯವು ಬೇಕು ಎಂದು ಕೇಳಬೇಕು. ಕಲಬುರಗಿಯ ಮಸೀದಿಯಲ್ಲಿ ಅಂಗಳವನ್ನು ಹುಡುಕಿ, ಅದಿಲ್ಲವೆಂದು ಕಂಡವನು ಈ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಬರೆಯಬಲ್ಲನು.