499ರ ಪ್ಲಾನ್, 8,482ರ ಬಿಲ್

ಬಜಪೆ ಪರಿಸರದಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡುವ ಒಂದು ಸಣ್ಣ ಸಂಸ್ಥೆ ಉಂಟು, ಹೆಸರು ಬೇಡ. ಅವರ ಪ್ಲಾನ್‌ಗಳ ಪುಟವನ್ನು ನಾನು ತಿದ್ದಿ ಬರೆದ ಕಥೆ ಇವತ್ತು ಹೇಳ್ತೇನೆ.

ಒಬ್ಬರು ಹಿರಿಯರು ಆಫೀಸಿಗೆ ಬಂದು ಕೇಳಿದ್ರು: "ತಿಂಗಳಿಗೆ 499 ಅಂತ ಹಾಕಿದ್ರಲ್ಲ ಮಾರಾಯ್ರೆ, ಖಾತೆಯಿಂದ 8,482 ಹೋಗಿದೆಯಲ್ಲ?" ಲೆಕ್ಕದಲ್ಲಿ ತಪ್ಪಿರಲಿಲ್ಲ. 499 ಅನ್ನೋದು ವರ್ಷದ ಹಣ ಒಟ್ಟಿಗೆ ಕಟ್ಟಿದವರಿಗೆ, ಅದೂ ಮೊದಲ ವರ್ಷಕ್ಕೆ ಮಾತ್ರ. 12 ತಿಂಗಳಿಗೆ 5,988, ಶೇ. 18 ಜಿಎಸ್‌ಟಿ ಸೇರಿ ಸುಮಾರು 7,066. ಎರಡನೇ ವರ್ಷ ದರ 599, ತೆರಿಗೆ ಸೇರಿ 8,482. ಇದೆಲ್ಲ ಪುಟದ ಅಡಿಯಲ್ಲಿ ನಕ್ಷತ್ರ ಚಿಹ್ನೆಯ ಪಕ್ಕ ಸಣ್ಣ ಅಕ್ಷರದಲ್ಲಿ ಇತ್ತು. ಯಾರು ಓದ್ತಾರೆ?

ಹಾಗಾಗಿ ದೊಡ್ಡ ಅಕ್ಷರದ ಜಾಗಕ್ಕೆ ಇದು ಬಂತು: "ಇವತ್ತು ಕಟ್ಟಬೇಕಾದದ್ದು ₹7,066, ತೆರಿಗೆ ಸೇರಿ, 12 ತಿಂಗಳಿಗೆ." ಅದರ ಕೆಳಗೇ: "ಮುಂದಿನ ವರ್ಷ ₹8,482. ನೀವು ನಿಲ್ಲಿಸದಿದ್ದರೆ ತಾನಾಗಿ ಕಡಿತವಾಗುತ್ತದೆ. ನಡುವೆ ಬಿಟ್ಟರೆ ಹಣ ವಾಪಸಿಲ್ಲ." ಮಾಲೀಕರಿಗೆ ಇದು ಹಿಡಿಸಲಿಲ್ಲ, 499 ಕಾಣದಿದ್ರೆ ಜನ ಬರೋದಿಲ್ಲ ಅಂದ್ರು. ಕೊನೆಗೆ 499 ಉಳಿಯಿತು, ಆದರೆ ಮೊತ್ತದ ಕೆಳಗೆ, ಸಣ್ಣದಾಗಿ.

ತಾನಾಗಿ ಕಡಿತ ಅನ್ನೋದನ್ನು ಮೊದಲೇ ಹೇಳಲು ಕಾರಣ ಉಂಟು. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಬರಲೇಬೇಕು. ಆದರೆ ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ, 2022ರ ಜೂನ್‌ನಿಂದ 15,000 ರೂಪಾಯಿವರೆಗೆ ಪ್ರತಿಸಲ ಒಟಿಪಿ ಬೇಕಿಲ್ಲ. ಆ ಸಂದೇಶ ಕಣ್ಣು ತಪ್ಪಿದ್ರೆ ಮುಗೀತು. ಸೇರುವಾಗಲೇ ಗೊತ್ತಿದ್ರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬಹುದು.

ಇನ್ನು ಮಿತಿ. ಸಿಲ್ವರ್, ಗೋಲ್ಡ್ ಎರಡರಲ್ಲೂ "ಅನ್‌ಲಿಮಿಟೆಡ್" ಅಂತಲೇ ಇತ್ತು. ಹಾಗಾದ್ರೆ ಹೆಚ್ಚು ಕೊಟ್ಟು ಗೋಲ್ಡ್ ಯಾಕೆ ಬೇಕು? ನಿಜ ಏನಂದ್ರೆ, ಸಿಲ್ವರ್‌ನಲ್ಲಿ ತಿಂಗಳಿಗೆ 200 ಜಿಬಿ ಆದಮೇಲೆ 50 ಎಂಬಿಪಿಎಸ್ ವೇಗ 2ಕ್ಕೆ ಇಳಿಯುತ್ತೆ. 200 ಜಿಬಿ ಅಂದ್ರೆ ಮನೆಮಂದಿಗೆ ಅಂದಾಜು ಸಿಗೋದಿಲ್ಲ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿವರೆಗೆ ತಿನ್ನುತ್ತೆ. ಅದಕ್ಕೆ ಬರೆದೆ: "ದಿನಕ್ಕೆ ಎರಡು ಗಂಟೆ ಎಚ್‌ಡಿ ವಿಡಿಯೋ ನೋಡುವ ಮನೆಗೆ ಸಾಕು. ಮೂರ್ನಾಲ್ಕು ಮಂದಿ ಬೇರೆ ಬೇರೆ ನೋಡುವುದಾದರೆ ಗೋಲ್ಡ್ ನೋಡಿ." "ಅನ್‌ಲಿಮಿಟೆಡ್" ತೆಗೆದು, "ನೆಟ್ ನಿಲ್ಲುವುದಿಲ್ಲ, ನಿಧಾನವಾಗುತ್ತದೆ" ಅಂತ ಹಾಕಿದೆ.

ಬರೆದದ್ದು ಅರ್ಥ ಆಗುತ್ತಾ ಅಂತ ನೋಡೋಕೆ ನೆರೆಮನೆಯ ಅಕ್ಕನ ಕೈಗೆ ಫೋನ್ ಕೊಟ್ಟೆ. ಇವತ್ತು ಎಷ್ಟು ಕಟ್ಟಬೇಕು, ಯಾವಾಗ ಸ್ಲೋ ಆಗುತ್ತೆ, ಮುಂದಿನ ವರ್ಷ ಎಷ್ಟು, ಇಷ್ಟೇ ಕೇಳಿದೆ. ಮೊದಲೆರಡಕ್ಕೆ ಉತ್ತರ ತಕ್ಷಣ ಬಂತು. ಮೂರನೆಯದಕ್ಕೆ ಅವರು ಪುಟ ಕೆಳಗೆ ಸರಿಸ್ತಾ ಹೋದ್ರು. ನೋಡಿದ್ರೆ, ಫೋನಿನ ಪರದೆಯಲ್ಲಿ "ಸೇರಿಕೊಳ್ಳಿ" ಬಟನ್ ಆ ಸಾಲಿಗಿಂತ ಮೇಲೆ ಬಂದಿತ್ತು. ಬಟನ್ ಕೆಳಗೆ ಇಳಿಸಿದೆವು.