ಗಂಟಲು ನೋಡಿ ಡಾಕ್ಟರು ಬರೆದ ನಾಲ್ಕು ಸಾಲು

ಬಸವೇಶ್ವರನಗರದ ಒಂಬತ್ತು ವರ್ಷದ ಒಬ್ಬ ಹುಡುಗಿಗೆ ನಿನ್ನೆಯಿಂದ ಗಂಟಲು ನೋವು, ಜ್ವರ ಅಂತ ಇಟ್ಟುಕೊಳ್ಳೋಣ. ಅಮ್ಮ ಅವಳನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಾರೆ. ಐದು ವರ್ಷದ ತಮ್ಮನೂ ಹಠ ಮಾಡಿ ಜೊತೆಗೆ ಬಂದಿದ್ದಾನೆ. ಡಾಕ್ಟರು ಟಾರ್ಚ್ ಹಾಕಿ ಗಂಟಲು ನೋಡಿದರು, ಕುತ್ತಿಗೆ ಮುಟ್ಟಿದರು, ಆಮೇಲೆ ಚೀಟಿಯಲ್ಲಿ ಹೀಗೆ ಗೀಚಿದರು:

ಜ್ವರ 101.6. ಕೆಮ್ಮು ಇಲ್ಲ, ನೆಗಡಿ ಇಲ್ಲ.
ಥ್ರೋಟ್ ಕಂಜೆಸ್ಟೆಡ್ ++
ಟಾನ್ಸಿಲ್ ಬಿ/ಎಲ್ ಗ್ರೇಡ್ 3, ಎಕ್ಸುಡೇಟ್ +, ನೋ ಮೆಂಬ್ರೇನ್
ಎಲ್‌ಎನ್ ಬಿ/ಎಲ್ ಪಾಲ್ಪಬಲ್, ಟೆಂಡರ್

ಔಷಧಿ ಅಂಗಡಿಯವರು ನೋಡುವುದು ಇದರ ಕೆಳಗಿರುವ ಮಾತ್ರೆಯ ಹೆಸರನ್ನು. ಮೇಲಿನ ಈ ನಾಲ್ಕು ಸಾಲನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಆದರೆ ಡಾಕ್ಟರು ಕಣ್ಣಿಂದ ಕಂಡದ್ದು, ಕೈಯಿಂದ ಮುಟ್ಟಿ ತಿಳಿದದ್ದು ಎಲ್ಲ ಇರುವುದು ಅಲ್ಲೇ. ನಾವು ಅದನ್ನೇ ಓದೋಣ. ಬಿ/ಎಲ್ ಅಂದರೆ ಎಡ, ಬಲ ಎರಡೂ ಕಡೆ. ಎಲ್‌ಎನ್ ಅಂದರೆ ದುಗ್ಧಗ್ರಂಥಿ. ಅದರ ವಿಷಯಕ್ಕೆ ಆಮೇಲೆ ಬರೋಣ.

ಕಂಜೆಸ್ಟೆಡ್ ಅಂದರೆ ಕೆಂಪಾಗಿದೆ. ಗಂಟಲಿನ ಒಳಚರ್ಮ ತೆಳು. ಅದರ ಕೆಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ತುಂಬಿಕೊಂಡಿರುತ್ತವೆ. ವೈರಸ್ಸೋ ಬ್ಯಾಕ್ಟೀರಿಯವೋ ಅಲ್ಲಿ ಸೇರಿಕೊಂಡರೆ, ಪೆಟ್ಟು ತಿಂದ ಜೀವಕೋಶಗಳು ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತವೆ. ಆಗ ರಕ್ತನಾಳಗಳು ಹಿಗ್ಗುತ್ತವೆ, ಹೆಚ್ಚು ರಕ್ತ ಹರಿದು ಬರುತ್ತದೆ, ರಕ್ತದ ಜೊತೆ ಬಿಳಿ ರಕ್ತಕಣಗಳೂ ಬರುತ್ತವೆ. ಹೆಚ್ಚು ರಕ್ತ ಬಂದದ್ದರಿಂದಲೇ ಆ ಕೆಂಪು. ನಾಳಗಳಿಂದ ನೀರಿನಂಥ ದ್ರವ ಹೊರಗೆ ಜಿನುಗಿ ಸುತ್ತಲಿನ ಮಾಂಸ ಊದಿಕೊಳ್ಳುತ್ತದೆ. ಉಗುಳು ನುಂಗಿದರೂ ನೋಯುವುದು ಅದಕ್ಕೇ.

ಎರಡು ಪ್ಲಸ್ ಗುರುತು ಯಾವ ಯಂತ್ರವೂ ಅಳೆದು ಕೊಟ್ಟದ್ದಲ್ಲ. ಸ್ವಲ್ಪ ಕೆಂಪಿದ್ದರೆ ಒಂದು ಪ್ಲಸ್, ಜಾಸ್ತಿ ಇದ್ದರೆ ಎರಡು, ತೀರಾ ಜಾಸ್ತಿ ಇದ್ದರೆ ಮೂರು ಅಂತ ಡಾಕ್ಟರ ಕಣ್ಣು ಹಾಕಿದ ಲೆಕ್ಕ ಅದು. ವಿಜಯನಗರದ ಡಾಕ್ಟರು ಎರಡು ಹಾಕಿದ ಗಂಟಲಿಗೆ ರಾಜಾಜಿನಗರದ ಡಾಕ್ಟರು ಒಂದೇ ಹಾಕಬಹುದು, ಇಬ್ಬರದೂ ತಪ್ಪಲ್ಲ. ತುಂಬಾ ಹೊತ್ತು ಅತ್ತ ಮಗುವಿನ ಗಂಟಲೂ ಕೆಂಪಗಿರುತ್ತದೆ. ಶಾಲೆ ಗೇಟಿನ ಹತ್ತಿರ ಕೆಂಪು ಐಸ್‌ಕ್ಯಾಂಡಿ ತಿಂದು ಬಂದವರದಂತೂ ಕೇಳುವುದೇ ಬೇಡ! ಹಾಗಾಗಿ ಬರೀ ಕೆಂಪು ನೋಡಿ ಕಾಯಿಲೆಯ ಹೆಸರು ಹೇಳಲು ಬರುವುದಿಲ್ಲ. ನೆಗಡಿಯ ವೈರಸ್ ಬಂದರೂ ಕೆಂಪು, ಬ್ಯಾಕ್ಟೀರಿಯ ಬಂದರೂ ಕೆಂಪು.

ಈಗ ಟಾನ್ಸಿಲ್. ಕನ್ನಡಿ ಮುಂದೆ ನಿಂತು ಬಾಯಿ ದೊಡ್ಡದಾಗಿ ತೆರೆದು "ಆ..." ಅನ್ನಿ. ನಡುವೆ ನೇತಾಡುವುದು ಕಿರುನಾಲಿಗೆ. ಅದರ ಎರಡೂ ಪಕ್ಕದಲ್ಲಿ ಉಬ್ಬಿಕೊಂಡು ಕಾಣುವವು ಟಾನ್ಸಿಲ್‌ಗಳು. ಬಾಯಿ, ಮೂಗಿನಿಂದ ಒಳಗೆ ಹೋಗುವುದೆಲ್ಲ ಇವುಗಳನ್ನು ಸವರಿಕೊಂಡೇ ಹೋಗಬೇಕು. ಟಾನ್ಸಿಲ್‌ನ ಮೈ ನುಣುಪಾಗಿಲ್ಲ, ಒಂದೊಂದರಲ್ಲೂ ಹತ್ತಿಪ್ಪತ್ತು ಆಳವಾದ ಸೀಳುಗಳಿವೆ. ಆ ಸೀಳುಗಳಲ್ಲಿ ಸಿಕ್ಕಿಕೊಂಡ ಸೂಕ್ಷ್ಮಜೀವಿಗಳ ಪರಿಚಯ ಮಾಡಿಕೊಂಡು, ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುವ ಕಣಗಳು ಟಾನ್ಸಿಲ್ ತುಂಬ ಇವೆ.

ಗ್ರೇಡ್ ಅಂದರೆ ಟಾನ್ಸಿಲ್ ಎಷ್ಟು ಜಾಗ ಹಿಡಿದಿದೆ ಎಂಬ ಅಳತೆ. ಎರಡು ಪಕ್ಕದ ನಡುವಿನ ದಾರಿಯಲ್ಲಿ ಕಾಲು ಭಾಗದೊಳಗೆ ಇದ್ದರೆ ಗ್ರೇಡ್ 1, ಅರ್ಧದವರೆಗೆ 2, ಮುಕ್ಕಾಲಿನವರೆಗೆ 3, ಅದಕ್ಕೂ ಮೀರಿ ಒಂದಕ್ಕೊಂದು ತಾಗುವಂತಿದ್ದರೆ 4. ಇಲ್ಲೊಂದು ಸೂಕ್ಷ್ಮ ಇದೆ. ನಾಲಿಗೆ ಒತ್ತುವ ಕಡ್ಡಿ ಸ್ವಲ್ಪ ಹಿಂದಕ್ಕೆ ತಾಗಿದರೆ ನಮಗೆ ಓಕರಿಕೆ ಬರುತ್ತದಲ್ಲ, ಆಗ ಗಂಟಲಿನ ಸ್ನಾಯುಗಳು ಬಿಗಿದು ಟಾನ್ಸಿಲ್‌ಗಳನ್ನು ನಡುವಿಗೆ ತಳ್ಳುತ್ತವೆ. ಗ್ರೇಡ್ 2 ಇದ್ದದ್ದು 3ರಂತೆಯೋ 4ರಂತೆಯೋ ಕಾಣುತ್ತದೆ. ಇದು ಗೊತ್ತಿರುವ ಡಾಕ್ಟರು ಓಕರಿಕೆ ಬರುವ ಮುಂಚಿನ ಆ ಒಂದು ಕ್ಷಣದಲ್ಲೇ ನೋಡಿ ಮುಗಿಸುತ್ತಾರೆ. "ಆ..." ಅನ್ನಿ ಎಂದು ಹೇಳುವುದೂ ನಾಲಿಗೆ ತಾನಾಗಿ ತಗ್ಗಲಿ, ಕಡ್ಡಿಯ ಕೆಲಸ ಕಡಿಮೆಯಾಗಲಿ ಅಂತ.

ತಮ್ಮನದೂ ಒಂದು ಸಲ ನೋಡಿ ಅಂದರು ಅಮ್ಮ. ಅವನಿಗೆ ಜ್ವರವಿಲ್ಲ, ನೋವಿಲ್ಲ, ಗಂಟಲು ಕೆಂಪಗಿಲ್ಲ. ಆದರೆ ಟಾನ್ಸಿಲ್ ಮಾತ್ರ ಗ್ರೇಡ್ 3!

"ಇಷ್ಟು ದಪ್ಪ ಆಗಿದೆಯಲ್ಲಾ ಡಾಕ್ಟ್ರೇ, ಆಪರೇಷನ್ ಮಾಡಿಸಬೇಕಾ?"

"ಬೇಡಮ್ಮ. ರಾತ್ರಿ ಬಾಯಿ ತೆರೆದುಕೊಂಡು ಜೋರಾಗಿ ಗೊರಕೆ ಹೊಡೆಯುತ್ತಾನಾ? ಉಸಿರು ನಿಂತು ನಿಂತು ಬರುತ್ತಾ?"

"ಇಲ್ಲ."

"ಹಾಗಾದರೆ ಬಿಡಿ, ಈ ವಯಸ್ಸಿಗೆ ಇದು ಮಾಮೂಲು."

ಡಾಕ್ಟರು ಹೇಳಿದ್ದು ಸರಿ. ಚಿಕ್ಕ ಮಕ್ಕಳಿಗೆ ದಿನಾ ಒಂದೊಂದು ಹೊಸ ಸೂಕ್ಷ್ಮಜೀವಿ ಎದುರಾಗುವ ಕಾಲದಲ್ಲಿ ಟಾನ್ಸಿಲ್‌ಗೆ ಕೈತುಂಬ ಕೆಲಸ. ಆಗ ಅದು ದೊಡ್ಡದಾಗಿಯೇ ಇರುತ್ತದೆ, ಹದಿಹರೆಯದ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಅಕ್ಕನ ಗ್ರೇಡ್ 3, ತಮ್ಮನ ಗ್ರೇಡ್ 3 ಚೀಟಿಯಲ್ಲಿ ಒಂದೇ ಥರ ಕಂಡರೂ ಅರ್ಥ ಬೇರೆ, ಯಾಕೆಂದರೆ ಆ ಗ್ರೇಡಿನ ಅಕ್ಕಪಕ್ಕದ ಸಾಲುಗಳು ಬೇರೆ. ನನ್ನನ್ನು ಕೇಳಿದರೆ, ಇಡೀ ಚೀಟಿಯಲ್ಲಿ ಮನೆಯವರನ್ನು ಸುಮ್ಮಸುಮ್ಮನೆ ಹೆದರಿಸುವ ಅಂಕಿ ಈ ಗ್ರೇಡೇ.

ಎಕ್ಸುಡೇಟ್ ಎಂದರೆ ಟಾನ್ಸಿಲ್ ಮೇಲೆ ಕಾಣುವ ಬಿಳಿ ಅಥವಾ ಹಳದಿ ಚುಕ್ಕೆಗಳು. ಹೋರಾಡಿ ಸತ್ತ ಬಿಳಿ ರಕ್ತಕಣಗಳು, ಸತ್ತ ಸೂಕ್ಷ್ಮಜೀವಿಗಳು, ಕಿತ್ತುಬಂದ ಒಳಚರ್ಮದ ಚೂರುಗಳು ಸೇರಿ ಆದ ಕೀವು ಅದು. ಸೀಳುಗಳ ಬಾಯಲ್ಲೇ ಅದು ಹೊರಗೆ ಬರುವುದರಿಂದ ಮೊದಲು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ, ಹೆಚ್ಚಾದರೆ ಕೂಡಿಕೊಂಡು ಪದರವಾಗುತ್ತದೆ. ಬಿಳಿ ಕಂಡದ್ದೆಲ್ಲ ಕೀವಲ್ಲ ಅನ್ನುವುದೂ ನೆನಪಿರಲಿ. ಜ್ವರ, ನೋವು ಏನೂ ಇಲ್ಲದೆ ಸೀಳಿನಲ್ಲಿ ಗಟ್ಟಿಯಾದ, ವಾಸನೆ ಬರುವ ಬಿಳಿ ಹರಳು ಕಂಡರೆ, ಅದು ಆಹಾರದ ಚೂರೂ ಸತ್ತ ಕೋಶಗಳೂ ಸೇರಿ ಹೆಪ್ಪುಗಟ್ಟಿದ ಕಸ.

ಅದರ ಪಕ್ಕದಲ್ಲೇ 'ನೋ ಮೆಂಬ್ರೇನ್' ಎಂದಿದೆ. ಅಂದರೆ ಡಾಕ್ಟರು ಒಂದು ವಸ್ತುವನ್ನು ಹುಡುಕಿದರು, ಅದು ಇರಲಿಲ್ಲ. ಹುಡುಕಿದ್ದು ಡಿಫ್ತೀರಿಯ ಅಂತಲೂ ಕರೆಯುವ ಗಂಟಲುಮಾರಿಯ ಪೊರೆಯನ್ನು. ಆ ಬ್ಯಾಕ್ಟೀರಿಯದ ವಿಷ ಗಂಟಲಿನ ಒಳಚರ್ಮವನ್ನೇ ಸಾಯಿಸುತ್ತದೆ. ಸತ್ತ ಚರ್ಮ, ಹೆಪ್ಪುಗಟ್ಟಿದ ದ್ರವ ಎಲ್ಲ ಸೇರಿ ಬೂದು ಬಣ್ಣದ ದಪ್ಪ ಪೊರೆ ಅಂಟಿಕೊಳ್ಳುತ್ತದೆ. ಸಾಮಾನ್ಯ ಕೀವು ಹತ್ತಿಯಿಂದ ಸವರಿದರೆ ಬಂದುಬಿಡುತ್ತದೆ. ಈ ಪೊರೆ ಬರುವುದಿಲ್ಲ, ಎಳೆದರೆ ರಕ್ತ ಬರುತ್ತದೆ. ಕೀವು ಟಾನ್ಸಿಲ್ ಮೇಲಷ್ಟೇ ನಿಂತರೆ, ಪೊರೆ ಕಿರುನಾಲಿಗೆಗೂ ಅಂಗುಳಕ್ಕೂ ಹಬ್ಬುತ್ತದೆ. ಕರ್ನಾಟಕದಲ್ಲಿ ಈ ಕಾಯಿಲೆ ಪೂರ್ತಿ ಹೋಗಿಲ್ಲ, ಆದ್ದರಿಂದ ಡಾಕ್ಟರುಗಳು ಇದನ್ನು ನೋಡದೆ ಬಿಡುವುದಿಲ್ಲ. ಮಗುವಾಗಿದ್ದಾಗ ಒಂದೂವರೆ ತಿಂಗಳಿಂದ ಶುರು ಮಾಡಿ ಹಾಕುವ ಲಸಿಕೆ, ಐದಾರು ವರ್ಷಕ್ಕೆ, ಆಮೇಲೆ 10 ಮತ್ತು 16ನೇ ವಯಸ್ಸಿಗೆ ಹಾಕುವ ಚುಚ್ಚುಮದ್ದು ಇದರಿಂದಲೂ ಕಾಪಾಡುತ್ತವೆ.

ಕೊನೆಯ ಸಾಲು ಬೆರಳಿನ ಕೆಲಸ. ಟಾನ್ಸಿಲ್‌ನಿಂದ ಹೊರಟ ದ್ರವ ಸಣ್ಣ ನಾಳಗಳಲ್ಲಿ ಹರಿದು ದವಡೆಯ ಮೂಲೆಯ ಕೆಳಗಿರುವ ದುಗ್ಧಗ್ರಂಥಿಗಳಿಗೆ ಬರುತ್ತದೆ. ಗಂಟಲಿನಿಂದ ಬಂದ ಸೂಕ್ಷ್ಮಜೀವಿಗಳ ಚೂರುಗಳನ್ನು ಅಲ್ಲಿನ ಬಿಳಿ ಕಣಗಳು ಗುರುತು ಹಿಡಿದು, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹೀಗೆ ಗ್ರಂಥಿ ಊದುತ್ತದೆ. ಪಾಲ್ಪಬಲ್ ಅಂದರೆ ಬೆರಳಿಗೆ ಸಿಗುತ್ತದೆ, ಟೆಂಡರ್ ಅಂದರೆ ಒತ್ತಿದರೆ ನೋಯುತ್ತದೆ. ಮಕ್ಕಳ ಕುತ್ತಿಗೆಯಲ್ಲಿ ಅವರೆಕಾಳಿನಷ್ಟು, ಅಂದರೆ ಸುಮಾರು ಒಂದು ಸೆಂಟಿಮೀಟರಿನಷ್ಟು ಗಂಟು ಸಿಗುವುದು ಸಾಮಾನ್ಯ. ಬೇಗನೆ ಊದಿದ ಗ್ರಂಥಿಯ ಹೊರಕವಚ ಹಿಗ್ಗುವುದರಿಂದ ನೋವು. ನೋವಿದ್ದರೆ ಹೋರಾಟ ಈಗ ನಡೆಯುತ್ತಿದೆ ಅಂತ ಅರ್ಥ. ವಿಚಿತ್ರ ಏನೆಂದರೆ, ಡಾಕ್ಟರುಗಳಿಗೆ ಹೆಚ್ಚು ಯೋಚನೆ ತರುವುದು ನೋವಿಲ್ಲದ ಗಂಟು. ಅದು ವಾರಗಟ್ಟಲೆ ಬೆಳೆಯುತ್ತಿದ್ದರೆ, ಒಂದಕ್ಕೊಂದು ಅಂಟಿಕೊಂಡಿದ್ದರೆ, ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಕ್ಷಯ ಮತ್ತಿತರ ಕಾರಣಗಳಿಗಾಗಿ ಪರೀಕ್ಷೆ ಮಾಡಿಸುತ್ತಾರೆ.

ಇನ್ನು ಉಳಿದದ್ದು ಮೊದಲ ಸಾಲಿನ 'ಕೆಮ್ಮು ಇಲ್ಲ'. ಇಲ್ಲದ್ದನ್ನು ಯಾಕೆ ಬರೆಯಬೇಕು? ಗಂಟಲು ನೋವು ತರುವ ಬ್ಯಾಕ್ಟೀರಿಯಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಕಾಕಸ್. ಅದು ಗಂಟಲಲ್ಲೇ ಕೂತಿರುತ್ತದೆ. ವೈರಸ್‌ಗಳಾದರೆ ಮೂಗು, ಶ್ವಾಸನಾಳ ಎಲ್ಲ ಕಡೆ ಓಡಾಡಿ ಕೆಮ್ಮು, ನೆಗಡಿ ತರುತ್ತವೆ. ಅಮೆರಿಕದ ಡಾಕ್ಟರ್ ರಾಬರ್ಟ್ ಸೆಂಟರ್ 1981ರಲ್ಲಿ ಇದನ್ನೆಲ್ಲ ಕೂಡಿಸಿ ಸ್ಟ್ರೆಪ್ಟೊಕಾಕಸ್ ಇರುವ ಸಾಧ್ಯತೆ ಅಂದಾಜು ಮಾಡುವ ಒಂದು ಲೆಕ್ಕ ಮಾಡಿದರು. ಕೆನಡಾದ ವಾರೆನ್ ಮ್ಯಾಕ್‌ಐಸಾಕ್ 1998ರಲ್ಲಿ ಅದಕ್ಕೆ ವಯಸ್ಸನ್ನೂ ಸೇರಿಸಿದರು. ನಮ್ಮ ಹುಡುಗಿಗೆ ಹಾಕಿ ನೋಡೋಣ. 100.4ಕ್ಕಿಂತ ಹೆಚ್ಚು ಜ್ವರ, ಒಂದು. ಕೆಮ್ಮಿಲ್ಲ, ಇನ್ನೊಂದು. ಟಾನ್ಸಿಲ್ ಊತ ಅಥವಾ ಕೀವು, ಮೂರು. ಕುತ್ತಿಗೆಯ ಮುಂಭಾಗದಲ್ಲಿ ನೋಯುವ ಗಂಟು, ನಾಲ್ಕು. ವಯಸ್ಸು 3ರಿಂದ 14ರೊಳಗೆ, ಐದು. ಐದಕ್ಕೆ ಐದು!

ಆದರೆ ಪೂರ್ತಿ ಅಂಕ ಬಂದವರಲ್ಲೂ ಸುಮಾರು ಅರ್ಧ ಜನರ ಗಂಟಲಲ್ಲಿ ಮಾತ್ರ ಸ್ಟ್ರೆಪ್ ಸಿಗುತ್ತದೆ. ಕೀವು ತರುವ ವೈರಸ್‌ಗಳೂ ಇವೆ. ಅದಕ್ಕೇ ಅನುಕೂಲವಿದ್ದ ಕಡೆ ಹತ್ತಿ ಸುತ್ತಿದ ಕಡ್ಡಿಯಿಂದ ಟಾನ್ಸಿಲ್ ಸವರಿ ಲ್ಯಾಬಿಗೆ ಕಳಿಸುತ್ತಾರೆ. ರಕ್ತ ಬೆರೆಸಿದ ತಟ್ಟೆಯಲ್ಲಿ ಅದನ್ನು ಬೆಳೆಸಿದರೆ, ಸ್ಟ್ರೆಪ್ ತನ್ನ ಸುತ್ತಲಿನ ರಕ್ತಕಣಗಳನ್ನು ಒಡೆದು ತಿಳಿಯಾದ ಉಂಗುರ ಮಾಡಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಉತ್ತರ ಸಿಗುತ್ತದೆ.

ಇಷ್ಟೆಲ್ಲ ಹುಡುಕುವುದು ಗಂಟಲಿಗಾಗಿ ಅಷ್ಟೇ ಅಲ್ಲ, ಹೃದಯಕ್ಕಾಗಿ. ಕೆಲವು ಮಕ್ಕಳಲ್ಲಿ ಸ್ಟ್ರೆಪ್ ವಿರುದ್ಧ ತಯಾರಾದ ಪ್ರತಿಕಾಯಗಳು ಎರಡು ಮೂರು ವಾರದ ಮೇಲೆ ಹೃದಯದ ಕವಾಟಗಳನ್ನೂ ಶತ್ರುವೆಂದುಕೊಂಡು ಅವುಗಳ ಮೇಲೆ ಬೀಳುತ್ತವೆ. ಇದೇ ರುಮ್ಯಾಟಿಕ್ ಜ್ವರ. ಈ ಪೆಟ್ಟಿನಿಂದ ಕ್ರಮೇಣ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎಷ್ಟೋ ವರ್ಷಗಳಿಂದ ನಡೆಯುತ್ತಿದೆ. ಸ್ಟ್ರೆಪ್ ಇದ್ದ ಗಂಟಲಿಗೆ ಪೆನ್ಸಿಲಿನ್ ಜಾತಿಯ ಔಷಧಿಯನ್ನು ಸರಿಯಾಗಿ ಹತ್ತು ದಿನ ಕೊಟ್ಟರೆ ಅಲ್ಲಿಯವರೆಗೆ ಹೋಗುವುದನ್ನು ತಡೆಯಬಹುದು. ಬರೀ ವೈರಸ್ ಇದ್ದರೆ ಅದೇ ಔಷಧಿಯಿಂದ ಏನೂ ಉಪಯೋಗವಿಲ್ಲ.

ಹುಡುಗಿಯ ಗಂಟಲಲ್ಲಿ ಸ್ಟ್ರೆಪ್ ಸಿಕ್ಕಿತು, ಮೊದಲ ದಿನವೇ ಔಷಧಿ ಶುರುವಾಗಿತ್ತು. ಮೂರು ದಿನ ಬಿಟ್ಟು ಹೋದಾಗ ಚೀಟಿಯಲ್ಲಿ ಹೀಗಿತ್ತು: ಜ್ವರ ಇಲ್ಲ. ಕಂಜೆಷನ್ +. ಎಕ್ಸುಡೇಟ್ ಇಲ್ಲ. ಟಾನ್ಸಿಲ್ ಗ್ರೇಡ್ 3. ಎಲ್‌ಎನ್ ಪಾಲ್ಪಬಲ್, ನಾನ್ ಟೆಂಡರ್. ಈಗ ನೀವೇ ಓದಬಲ್ಲಿರಿ. ಕೀವು ಹೋಗಿದೆ, ಕೆಂಪು ಇಳಿದಿದೆ, ನೋವು ನಿಂತಿದೆ. ಟಾನ್ಸಿಲ್ ಇನ್ನೂ ದಪ್ಪ ಇದೆ, ಗಂಟೂ ಕೈಗೆ ಸಿಗುತ್ತಿದೆ. ಹೆಚ್ಚಿದ ಕಣಗಳು ಕರಗಲು ಕೆಲವು ವಾರಗಳೇ ಬೇಕು, ಅದಕ್ಕೆ ಬೇರೆ ಔಷಧಿ ಬೇಡ.

"ನನಗೆ ವಾಸಿ ಆಯ್ತಲ್ಲ ಡಾಕ್ಟ್ರೇ, ಮಾತ್ರೆ ನಿಲ್ಲಿಸಲಾ?" ಅಂದಳು ಹುಡುಗಿ.

"ನಿಲ್ಲಿಸಬೇಡ ಪುಟ್ಟಾ, ಇನ್ನೂ ಏಳು ದಿನದ್ದು ಬಾಕಿ ಇದೆ," ಅಂದರು ಡಾಕ್ಟರು.